ಎಷ್ಟಕ್ಕೆ ಬಿತ್ತು?

ನಮ್ಮ ಅಂಗಡಿ ಇರುವುದು ಮಂಗಳೂರಿನ ಬಂದರಿನಲ್ಲಿ. ಅಡಿಕೆ ವ್ಯಾಪಾರ. ಪುತ್ತೂರು, ವಿಟ್ಲ, ಬೆಳ್ತಂಗಡಿ ಕಡೆಯ ಕೃಷಿಕರು ಒಣಗಿಸಿ ಸುಲಿದ ಚಾಲಿ ತರುತ್ತಾರೆ. ನಾವು ತೂಗಿ ತೆಗೆದುಕೊಂಡು, ಗಾರ್ಬಲ್ ಮಾಡಿ, ಬೇರೆ ಬೇರೆ ಗೋಣಿಗೆ ತುಂಬಿ ಉತ್ತರದ ಕಡೆಗೆ ಲಾರಿಗೆ ಹಾಕುತ್ತೇವೆ. ಉಡುಪಿಯ ನಿಮಗೆ ಗಾರ್ಬಲ್ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಕುಳಿತ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ: ಒಂದೇ ಗೋಣಿಯಲ್ಲಿ ಬಂದ ಅಡಿಕೆಯನ್ನು ಆರಿಸಿ, ಒಳ್ಳೆಯದು, ಪಟೋರ, ಕರಿಗೋಟು, ಕೋಕ ಎಂದು ಬೇರೆ ಮಾಡುವ ಕೆಲಸ. ಇವತ್ತು ನಾನು ಹೇಳುವ ಕತೆ ಪೂರ್ತಿ ಈ ಒಂದು ಕೆಲಸದ ಸುತ್ತವೇ ಇದೆ.

ನಾನು ಬಿ.ಕಾಂ. ಮುಗಿಸಿ ಮೂರು ವರ್ಷ ಒಂದು ಆಡಿಟ್ ಕಚೇರಿಯಲ್ಲಿ ಲೆಕ್ಕ ನೋಡಿದವಳು. ಅಪ್ಪ ಪುಸ್ತಕದಲ್ಲಿ ಬರೆಯುವವರು. ಉದ್ದದ ಲೆಡ್ಜರು, ಕೆಂಪು ಬಟ್ಟೆಯ ಬೆನ್ನು, ಒಬ್ಬೊಬ್ಬ ಕೃಷಿಕರಿಗೆ ಒಂದೊಂದು ಪುಟ. ಎಡಕ್ಕೆ ಕೊಟ್ಟದ್ದು, ಬಲಕ್ಕೆ ಬಂದದ್ದು. ಆ ಪುಸ್ತಕವನ್ನು ನಾನು ಹಗುರವಾಗಿ ಕಂಡಿಲ್ಲ. ಅಪ್ಪ ಪ್ರತಿ ರಾತ್ರಿ ನಗದು ಎಣಿಸಿ, ಶಿಲ್ಕು ತಾಳೆ ಆಗುವವರೆಗೆ ಏಳುವುದಿಲ್ಲ. ಆಡಿಟಿನಲ್ಲಿ ನಾನು ನೋಡಿದ ಎಷ್ಟೋ ಕಂಪ್ಯೂಟರ್ ಲೆಕ್ಕಗಳಿಗೆ ಆ ಶಿಸ್ತು ಇರಲಿಲ್ಲ. ಯಾರಾದರೂ ಫೋನ್ ಮಾಡಿ "ನನ್ನದು ಎಷ್ಟು ಉಂಟು?" ಎಂದರೆ ಅಪ್ಪ ಹೆಸರು ಕೇಳುವುದಿಲ್ಲ. ದನಿ ಕೇಳಿಯೇ 47ನೇ ಪುಟ ತೆಗೆಯುತ್ತಾರೆ.

ಹೀಗಿರುವಾಗ ನಾನು ಇಆರ್‌ಪಿ ಹಾಕೋಣ ಎಂದೆ. ಇಆರ್‌ಪಿ ಅಂದರೆ ಖರೀದಿ, ಗೋದಾಮು, ಮಾರಾಟ, ಖಾತೆ ಎಲ್ಲ ಒಂದಕ್ಕೊಂದು ಕಟ್ಟಿಕೊಂಡಿರುವ ತಂತ್ರಾಂಶ. ಅಡಿಕೆ ಗೋದಾಮಿಗೆ ಬಂತು ಎಂದು ಒಂದು ಕಡೆ ಬರೆದರೆ ದಾಸ್ತಾನು ಏರುತ್ತದೆ, ಖಾತೆಯಲ್ಲೂ ಅದರ ಬೆಲೆ ತಾನಾಗಿ ಕೂರುತ್ತದೆ. ನಾನು ಆರಿಸಿದ್ದು ERPNext. ಮೂಲ ಸಂಕೇತ ಮುಕ್ತವಾಗಿರುವ, ನಮ್ಮ ದೇಶದಲ್ಲೇ ಮಾಡಿದ ತಂತ್ರಾಂಶ. ಮನೆಯ ಲ್ಯಾಪ್‌ಟಾಪಿನಲ್ಲಿ ಹಾಕಿ, ಒಂದು ತಿಂಗಳ ಲೆಕ್ಕ ತುಂಬಿಸಿ, ಒಂದು ಭಾನುವಾರ ಅಪ್ಪನ ಮುಂದೆ ಇಟ್ಟೆ.

ಬಣ್ಣದ ಗ್ರಾಫು ತೋರಿಸಿದೆ. ಯಾರ ಬಾಕಿ ಎಷ್ಟು ದಿನ ಹಳೆಯದು ಎಂಬ ಪಟ್ಟಿ ತೋರಿಸಿದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ದಾಸ್ತಾನಿನ ಸಾಲಿಗೆ ಬೆರಳು ಇಟ್ಟರು.

"ಕರಿಗೋಟು ನಮಗೆ 385ಕ್ಕೆ ಬಿದ್ದದ್ದಾ? ಯಾರು ಹೇಳಿದ್ದು?"

"ಒಟ್ಟು ಕೊಟ್ಟ ಹಣವನ್ನು ತೂಕಕ್ಕೆ ಹಂಚಿದ್ದು ಅಪ್ಪ."

"ಪೇಟೆಯಲ್ಲಿ 150ಕ್ಕೆ ಹೋಗುವ ಮಾಲು 385ಕ್ಕೆ ಬೀಳುದು ಹೇಗೆ? ಇದಕ್ಕೆ ಅಡಿಕೆ ಗೊತ್ತಿಲ್ಲ ಮಾರಾಯ್ತಿ." ಎದ್ದು ಹೋದರು. ಆ ವಿಷಯ ಅಲ್ಲಿಗೆ ನಿಂತಿತು.

ನನಗೆ ಬೇಸರವಾಗಿತ್ತು, ನಿಜ. ಆದರೆ ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ 385 ತಂತ್ರಾಂಶ ಕೊಟ್ಟ ಅಂಕಿಯೂ ಅಲ್ಲ, ನಾನೇ ಹಾಕಿದ್ದು. ಆಡಿಟ್ ಕಚೇರಿಯಲ್ಲಿ ಕುಳಿತಾಗ ಒಂದು ಕಿಲೋ ಅಂದರೆ ಒಂದು ಕಿಲೋ ಎಂದೇ ಅಂದುಕೊಂಡಿದ್ದೆ.

ನಾಲ್ಕು ತಿಂಗಳು ಕಳೆಯಿತು. ಅಪ್ಪನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಒಂದು ವಾರ ಅಂಗಡಿಗೆ ಹೋಗುವ ಹಾಗಿಲ್ಲ. ಗುಮಾಸ್ತರು ನೋಡಿಕೊಂಡರು. ನಮ್ಮಲ್ಲಿ 20 ವರ್ಷದಿಂದ ಇರುವವರು, ಒಂದು ರೂಪಾಯಿ ಆಚೀಚೆ ಮಾಡುವವರಲ್ಲ. ಪೇಟೆ ಇಳಿಯುತ್ತಿತ್ತು. ಹೊರಗಿನ ಒಬ್ಬ ಖರೀದಿದಾರರು ಫೋನ್ ಮಾಡಿ ಒಳ್ಳೆಯ ಚಾಲಿಗೆ ಕಿಲೋಗೆ 400 ಕೊಡುತ್ತೇನೆ ಎಂದರು. ಗುಮಾಸ್ತರು ಪುಸ್ತಕ ತೆಗೆದು ನೋಡಿದರು. ಆ ಲಾಟಿನ ಖರೀದಿ ದರ 378 ಎಂದು ಬರೆದಿತ್ತು. 22 ರೂಪಾಯಿ ಲಾಭ ಅಂದುಕೊಂಡು ಪೂರ್ತಿ ಕೊಟ್ಟುಬಿಟ್ಟರು.

ಸಂಜೆ ಮನೆಗೆ ಬಂದು ಖುಷಿಯಿಂದಲೇ ಹೇಳಿದರು. ಅಪ್ಪ ಹಸಿರು ಬಟ್ಟೆ ಕಟ್ಟಿದ ಕಣ್ಣಿನಲ್ಲಿ ಮಲಗಿದ್ದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಅದು ನಮಗೆ 409ಕ್ಕೆ ಬಿದ್ದದ್ದು" ಎಂದರು. ಬೈಯಲಿಲ್ಲ. ಗುಮಾಸ್ತರ ಮುಖ ಮಾತ್ರ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಇದೆ. ಅವರದು ಏನು ತಪ್ಪು ಹೇಳಿ? ಪುಸ್ತಕದಲ್ಲಿ 378 ಇತ್ತು. 409 ಅಪ್ಪನ ತಲೆಯಲ್ಲಿತ್ತು.

ಅವತ್ತು ರಾತ್ರಿ ನಾನು ಇಆರ್‌ಪಿ ಮಾತು ಎತ್ತಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. "ಅಪ್ಪ, 409 ಹೇಗೆ ಬಂತು?"

ಈ ಲೆಕ್ಕವನ್ನು ನಿಧಾನವಾಗಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಇವು ಇವತ್ತಿನ ಪೇಟೆ ದರ ಅಲ್ಲ.

ಲಾಟು 1,000 ಕಿಲೋ. ಕಿಲೋಗೆ 378ರಂತೆ ಕೊಟ್ಟದ್ದು 3,78,000 ರೂಪಾಯಿ. ಗಾರ್ಬಲ್ ಆದ ಮೇಲೆ ಒಳ್ಳೆಯದು 850 ಕಿಲೋ, ಪಟೋರ 100 ಕಿಲೋ, ಕರಿಗೋಟು 30 ಕಿಲೋ. ಕೂಡಿದರೆ 980. ಉಳಿದ 20 ಕಿಲೋ ಎಲ್ಲಿ? ಸಿಪ್ಪೆ, ಧೂಳು, ಒಣಗಿ ಹೋದ ನೀರು. ಅದು ಯಾರಿಗೂ ಮಾರಲು ಬಾರದು, ಆದರೆ ಅದಕ್ಕೂ ನಾವು ಹಣ ಕೊಟ್ಟಿದ್ದೇವೆ.

ಅಮ್ಮ ಒಂದು ಮದುವೆ ಕಾಗದದ ಹಿಂಬದಿ ಕೊಟ್ಟರು. ಅಪ್ಪ ಹೇಳುತ್ತಾ ಹೋದರು, ನಾನು ಬರೆದೆ. ಗಾರ್ಬಲ್ ಆದ ದಿನ ಪೇಟೆಯಲ್ಲಿ ಒಳ್ಳೆಯದಕ್ಕೆ 450, ಪಟೋರಕ್ಕೆ 330, ಕರಿಗೋಟಿಗೆ 150. ಎಲ್ಲವನ್ನೂ ಅವತ್ತೇ ಮಾರಿದ್ದರೆ ಒಳ್ಳೆಯದರಿಂದ 3,82,500, ಪಟೋರದಿಂದ 33,000, ಕರಿಗೋಟಿನಿಂದ 4,500. ಒಟ್ಟು 4,20,000. ನಾವು ಕೊಟ್ಟದ್ದು 3,78,000.

"ಅಂದರೆ ರೂಪಾಯಿಗೆ 90 ಪೈಸೆ ಬಿತ್ತು" ಎಂದರು ಅಪ್ಪ. "ಇನ್ನು ಎಂತ ಉಂಟು? 450ರದ್ದು 405ಕ್ಕೆ ಬಿತ್ತು. 330ರದ್ದು 297ಕ್ಕೆ. 150ರದ್ದು 135ಕ್ಕೆ. ಮತ್ತೆ ಗಾರ್ಬಲ್ ಮಾಡಿದ ಹೆಂಗಸರ ಕೂಲಿ 3,780. ಅದು ನೂರಕ್ಕೆ ಒಂದು. 405ಕ್ಕೆ ನೂರಕ್ಕೆ ಒಂದು ಸೇರಿಸು. 409 ಆಯ್ತಲ್ಲ."

ನಾನು ಫೋನಿನಲ್ಲಿ ತಾಳೆ ನೋಡಿದೆ. 850ನ್ನು 405ರಿಂದ ಗುಣಿಸಿದರೆ 3,44,250. ಪಟೋರಕ್ಕೆ 29,700. ಕರಿಗೋಟಿಗೆ 4,050. ಕೂಡಿದರೆ ಸರಿಯಾಗಿ 3,78,000. ಒಂದು ಪೈಸೆ ಹೆಚ್ಚು ಕಡಿಮೆ ಇಲ್ಲ. ಹೋದ 20 ಕಿಲೋದ ಹಣ ಉಳಿದ ಮೂರರ ಮೇಲೂ ತಾನಾಗಿ ಹಂಚಿ ಹೋಗಿತ್ತು.

ಕಾಮರ್ಸ್ ಓದುವವರಿಗೆ ಈಗ ಗೊತ್ತಾಗಿರಬೇಕು. ಒಂದೇ ಕಚ್ಚಾ ಮಾಲಿನಿಂದ ಒಟ್ಟಿಗೆ ಹಲವು ಮಾಲು ಹೊರಟಾಗ ಖರ್ಚನ್ನು ಮಾರಾಟದ ಬೆಲೆಯ ಅನುಪಾತದಲ್ಲಿ ಹಂಚುವುದು ನಮ್ಮ ಕಾಸ್ಟ್ ಅಕೌಂಟಿಂಗ್ ಪಾಠ. ನಾನು ಅದನ್ನು ಪರೀಕ್ಷೆಗೆ ಓದಿ ಬರೆದಿದ್ದೆ. ಅದೇ ಲೆಕ್ಕವನ್ನು ಅಪ್ಪ, ನಾನು ಹುಟ್ಟುವುದಕ್ಕೂ ಮೊದಲಿನಿಂದ, ಬಾಯಲ್ಲೇ ಮಾಡುತ್ತಿದ್ದರು. ಎರಡೂ ಒಂದೇ ಎಂದು ನನಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ತೂಕದ ಮೇಲೆ ಹಂಚಿದರೆ ಏನು ಕೆಡುತ್ತದೆ ಎಂಬುದನ್ನೂ ನೋಡಿ. ಎಲ್ಲದಕ್ಕೂ 385 ರೂಪಾಯಿ 71 ಪೈಸೆ ಬೀಳುತ್ತದೆ. ಆಗ ಒಳ್ಳೆಯದನ್ನು 400ಕ್ಕೆ ಕೊಟ್ಟರೂ ಲಾಭ ಎಂದೇ ಕಾಣುತ್ತದೆ. ಕರಿಗೋಟನ್ನು ಪೇಟೆ ದರಕ್ಕೆ ಸರಿಯಾಗಿ ಮಾರಿದರೂ ದೊಡ್ಡ ನಷ್ಟ ಎಂದು ತೋರಿಸುತ್ತದೆ. ಗುಮಾಸ್ತರಿಗೆ ಆದ ಮೋಸವೇ ನನ್ನ ಲ್ಯಾಪ್‌ಟಾಪಿನ ಒಳಗೂ ಕುಳಿತಿತ್ತು. ಅಪ್ಪ ಆ ಭಾನುವಾರ ಎದ್ದು ಹೋದದ್ದು ಇದಕ್ಕೇ.

ಮರುದಿನ ನಾನು ERPNext ತೆಗೆದು ಅಪ್ಪನ ಲೆಕ್ಕ ಅದರಲ್ಲಿ ಹೇಗೆ ಕೂರುತ್ತದೆ ಎಂದು ನೋಡಿದೆ. ಅದರಲ್ಲಿ Stock Entry ಎಂಬ ಕಾಗದ ಇದೆ. ಅದರ ಬಗೆಗಳಲ್ಲಿ ಒಂದು Repack. ಹೆಸರು ಕೇಳಿ ಬರೀ ಚೀಲ ಬದಲಿಸುವುದು ಅಂದುಕೊಳ್ಳಬೇಡಿ. ಒಂದು ಮಾಲು ಗೋದಾಮಿನಿಂದ ಹೊರಟು ಬೇರೆ ಮಾಲುಗಳಾಗಿ ಒಳಗೆ ಬರುವ ಯಾವ ಕೆಲಸಕ್ಕೂ ಇದು ಆಗುತ್ತದೆ. ಮೊದಲ ಸಾಲಿನಲ್ಲಿ "ಚಾಲಿ, ಆರಿಸದ್ದು" 1,000 ಕಿಲೋ. ಅದಕ್ಕೆ Source Warehouse ಮಾತ್ರ ಹಾಕಬೇಕು. ಕೆಳಗಿನ ಮೂರು ಸಾಲಿನಲ್ಲಿ ಒಳ್ಳೆಯದು, ಪಟೋರ, ಕರಿಗೋಟು. ಇವಕ್ಕೆ Target Warehouse ಮಾತ್ರ.

ಹಾಗೆ ಒಳಗೆ ಬರುವ ಮಾಲು ಒಂದೇ ಆಗಿದ್ದರೆ ತಂತ್ರಾಂಶವೇ ದರ ಲೆಕ್ಕ ಹಾಕುತ್ತದೆ. ಬೇರೆ ಬೇರೆ ಮಾಲು ಆದಾಗ ಯಾವುದಕ್ಕೆ ಎಷ್ಟು ಎಂದು ಅದಕ್ಕೆ ತಿಳಿಯುವುದಿಲ್ಲ. ಆ ಸಾಲುಗಳಲ್ಲಿ Set Basic Rate Manually ಎಂಬಲ್ಲಿ ಗುರುತು ಹಾಕಿ ದರವನ್ನು ನಾವೇ ಕೊಡಬೇಕು. 405, 297, 135. ಉಳಿಸಿದ ಮೇಲೆ Value Difference ಎಂಬಲ್ಲಿ ಸೊನ್ನೆ ಕಾಣಬೇಕು. ಕಾಣದಿದ್ದರೆ ಹಂಚಿದ್ದು ತಪ್ಪಿದೆ ಎಂದು ಅರ್ಥ. ಆಮೇಲೆ ಕೆಳಗೆ Additional Costs ನಲ್ಲಿ ಕೂಲಿ 3,780 ಹಾಕಿದರೆ, ಅದನ್ನು ಮೊತ್ತದ ಅನುಪಾತದಲ್ಲಿ ಮೂರಕ್ಕೂ ಅದೇ ಹಂಚುತ್ತದೆ. ಒಳ್ಳೆಯದರ ದರ 409 ರೂಪಾಯಿ 5 ಪೈಸೆ ಆಗುತ್ತದೆ. ಆಗ Value Difference ನಲ್ಲಿ ಕೂಲಿಯ ಮೊತ್ತವಷ್ಟೇ ಕಾಣುತ್ತದೆ.

ಇದನ್ನು ಅಪ್ಪನಿಗೆ ತೋರಿಸಿದೆ. ಈ ಸಲ ಗ್ರಾಫು ಇಲ್ಲ, ಪಟ್ಟಿ ಇಲ್ಲ. ಇದೊಂದೇ ಕಾಗದ. ದರದ ಕಲಂ ಖಾಲಿ ಬಿಟ್ಟು, "ಇಲ್ಲಿ ನೀವು ಹೇಳಬೇಕು" ಎಂದೆ. ಅಪ್ಪ ಒಂದೊಂದೇ ಹೇಳಿದರು. ಪರದೆಯಲ್ಲಿ 409.05 ಬಂದಾಗ ಸ್ವಲ್ಪ ಹತ್ತಿರ ಬಗ್ಗಿ ನೋಡಿದರು.

"ಇದನ್ನು ಗುಮಾಸ್ತರು ನೋಡಬಹುದಾ?"

"ನೋಡಬಹುದು. ನೀವು ಬೇಡ ಅಂದವರು ನೋಡದ ಹಾಗೂ ಮಾಡಬಹುದು."

"ಒಂದು ಲಾಟು ಮಾಡಿ ನೋಡುವ" ಎಂದರು.

ಒಂದು ಲಾಟು. ಪೂರ್ತಿ ಅಂಗಡಿ ಅಲ್ಲ. ನಾನು ಅದಕ್ಕಿಂತ ಜಾಸ್ತಿ ಕೇಳಲಿಲ್ಲ. ಒಂದು ಲಾಟು ಐದಾಯಿತು. ಐದು ಆದ ಮೇಲೆ, ಹೇಗೂ ಹೊಸ ಆರ್ಥಿಕ ವರ್ಷ ಬರುತ್ತದೆ, ಏಪ್ರಿಲ್ 1ರಿಂದ ಖಾತೆಗಳನ್ನೂ ಹಾಕು ಎಂದು ಅಪ್ಪನೇ ಹೇಳಿದರು. ಆದರೆ ಪುಸ್ತಕ ನಿಲ್ಲಿಸುವುದಿಲ್ಲ ಎಂಬ ಷರತ್ತು. ಮೂರು ತಿಂಗಳು ಎರಡೂ ನಡೆಯಬೇಕು, ಪ್ರತಿ ಶನಿವಾರ ಎರಡೂ ತಾಳೆ ಆಗಬೇಕು.

ಖಾತೆ ದಾಟಿಸುವಾಗ ಒಂದು ಸಣ್ಣ ಉಪಾಯ ಮಾಡಿದೆ. ನಿಮಗೂ ಉಪಯೋಗಕ್ಕೆ ಬರಬಹುದು. ಪ್ರತಿ ಕೃಷಿಕರ ಹೆಸರಿನ ಮೊದಲು ಅಪ್ಪನ ಪುಟದ ಸಂಖ್ಯೆಯನ್ನೇ ಇಟ್ಟೆ. 47 ಎಂದು ಹೊಡೆದರೆ 47ನೇ ಪುಟದವರೇ ಬರುತ್ತಾರೆ. ಹೊಸ ಸಂಖ್ಯೆ ಕೊಟ್ಟಿದ್ದರೆ ಅಪ್ಪ ಎರಡನೇ ದಿನಕ್ಕೇ ಬಿಡುತ್ತಿದ್ದರು ಎಂದು ನನಗೆ ಖಾತ್ರಿ.

ಆರಂಭದ ಶಿಲ್ಕು ಹಾಕುವಾಗ ERPNext ಒಂದು ತಾತ್ಕಾಲಿಕ ಖಾತೆ ಇಟ್ಟುಕೊಳ್ಳುತ್ತದೆ. Temporary Opening ಎಂದು ಹೆಸರು. ಬರಬೇಕಾದದ್ದು, ಕೊಡಬೇಕಾದದ್ದು, ದಾಸ್ತಾನು, ಬ್ಯಾಂಕು, ನಗದು, ಬಂಡವಾಳ, ಒಂದೊಂದು ಹಾಕಿದ ಹಾಗೆ ಅದರ ಎದುರಿನ ಮೊತ್ತ ಈ ಖಾತೆಗೆ ಹೋಗುತ್ತದೆ. ಎಲ್ಲವೂ ಸರಿಯಾಗಿ ಬಂದ ಮೇಲೆ ಅಲ್ಲಿ ಸೊನ್ನೆ ಉಳಿಯಬೇಕು. ನನಗೆ 54,000 ಉಳಿಯಿತು.

ಎರಡು ದಿನ ಹುಡುಕಿದೆ. ಇನ್ನೂರಕ್ಕೂ ಹೆಚ್ಚು ಪುಟಗಳು. ಮೂರನೇ ದಿನ ಅಪ್ಪ ಬಂದು ಹಿಂದೆ ನಿಂತರು.

"ಎಷ್ಟು ವ್ಯತ್ಯಾಸ?"

"54,000."

"ಒಂಬತ್ತರಲ್ಲಿ ಭಾಗ ಹೋಗ್ತದೆ. ಎಲ್ಲಿಯೋ ಅಂಕಿ ಅದಲುಬದಲು ಆಗಿದೆ. 71 ಇದ್ದದ್ದು 17, 82 ಇದ್ದದ್ದು 28, ಹಾಗೆ ಎಂತದಾದರೂ ಉಂಟಾ ನೋಡು."

ಪಕ್ಕಪಕ್ಕದ ಎರಡು ಅಂಕಿಗಳು ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಲ್ಲಿ ಭಾಗ ಹೋಗುತ್ತದೆ. 71ರಲ್ಲಿ 17 ಕಳೆದರೆ 54. ವ್ಯತ್ಯಾಸ ಸಾವಿರದಲ್ಲಿ ಇದ್ದರೆ ಹತ್ತು ಸಾವಿರ ಮತ್ತು ಸಾವಿರದ ಸ್ಥಾನ ನೋಡಬೇಕು. ಐದು ನಿಮಿಷದಲ್ಲಿ ಸಿಕ್ಕಿತು. 112ನೇ ಪುಟದ ಬಾಕಿ 71,200. ನಾನು ಹೊಡೆದದ್ದು 17,200. ತಿದ್ದಿದೆ. Temporary Opening ಸೊನ್ನೆ ಆಯಿತು.

ಆ ಐದು ನಿಮಿಷದ ನಂತರ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ಅದರ ಮೊದಲು ಯಾವತ್ತೂ ಪರದೆಯ ಮುಂದೆ ಕುಳಿತವರಲ್ಲ, ನಿಂತೇ ನೋಡುತ್ತಿದ್ದರು.

ಕೆಟ್ಟದ್ದೂ ಆಯಿತು, ಹೇಳಬೇಕು. ನಮ್ಮಲ್ಲಿ ಲಾರಿ ಮಧ್ಯಾಹ್ನ ಹೊರಡುತ್ತದೆ. ಗಾರ್ಬಲ್ ಚೀಟಿ ಕಚೇರಿಗೆ ಬರುವುದು ರಾತ್ರಿ. ಪುಸ್ತಕಕ್ಕೆ ಇದರಿಂದ ತೊಂದರೆ ಇಲ್ಲ, ಯಾವುದನ್ನು ಮೊದಲು ಬರೆದರೂ ಪುಸ್ತಕ ಏನೂ ಹೇಳುವುದಿಲ್ಲ. ತಂತ್ರಾಂಶ ಹಾಗಲ್ಲ. Repack ಆಗದೆ ಒಳ್ಳೆಯ ಚಾಲಿ ಗೋದಾಮಿನಲ್ಲಿ ಇಲ್ಲ, ಇಲ್ಲದ್ದನ್ನು ಕಳಿಸಲು ಬಿಡುವುದಿಲ್ಲ. ಲಾರಿ ಕಾಯುತ್ತಿತ್ತು, ಡ್ರೈವರ್ ಅವಸರ ಮಾಡುತ್ತಿದ್ದರು. ನಾನು Stock Settings ಗೆ ಹೋಗಿ Allow Negative Stock ಎಂಬಲ್ಲಿ ಗುರುತು ಹಾಕಿಬಿಟ್ಟೆ. ಬಿಲ್ಲು ಹೋಯಿತು, ಲಾರಿ ಹೋಯಿತು.

ಶನಿವಾರ ತಾಳೆ ನೋಡುವಾಗ Stock Balance ನಲ್ಲಿ ಒಳ್ಳೆಯ ಚಾಲಿ ಮೈನಸ್ 140 ಕಿಲೋ. ಅಪ್ಪ ಕೇಳಿದರು, "ಇದು ಯಾವ ಮೂಲೆಯಲ್ಲಿ ಉಂಟು?" ಉತ್ತರ ಇರಲಿಲ್ಲ. ಇನ್ನೂ ಒಂದು ಕೆಟ್ಟಿತ್ತು. ಹೊಸ ಲಾಟಿನ ಬಿದ್ದ ದರ ಗೊತ್ತಿಲ್ಲದೆ ತಂತ್ರಾಂಶ ಹಳೆಯ ಲಾಟಿನ ದರ ಹಿಡಿದು ಲಾಭ ತೋರಿಸಿತ್ತು. ಎಷ್ಟಕ್ಕೆ ಬಿತ್ತು ಎಂದು ತಿಳಿಯಲೆಂದೇ ಇಷ್ಟೆಲ್ಲ ಮಾಡಿದ್ದು, ಅದೇ ಸುಳ್ಳಾಯಿತು.

ಗುರುತು ತೆಗೆದೆ. ಬದಲಿಸಿದ್ದು ಅಂಗಡಿಯ ಕ್ರಮವನ್ನು. ಈಗ ಗಾರ್ಬಲ್ ಮುಗಿದ ಕೂಡಲೇ ಅಲ್ಲೇ ತಕ್ಕಡಿಯ ಬಳಿ ಗುಮಾಸ್ತರು ತೂಕ ಹೊಡೆಯುತ್ತಾರೆ. ದರವನ್ನು ಅಪ್ಪ ಹೇಳುತ್ತಾರೆ. ಅದಾಗದೆ ಲಾರಿಗೆ ಗೋಣಿ ಏರುವುದಿಲ್ಲ. ಹಮಾಲಿಗಳಿಗೆ ಮೊದಲು ಕಿರಿಕಿರಿ ಆಯಿತು. ಅರ್ಧ ಗಂಟೆಯ ಕೆಲಸ ಅದು, ಈಗ ಎಲ್ಲರಿಗೂ ಅಭ್ಯಾಸವಾಗಿದೆ.

ಇಲ್ಲಿ ಜಿ.ಎಸ್.ಟಿ. ನೋಂದಣಿ ಇರುವ ವ್ಯಾಪಾರಿಗಳು ಇದ್ದೀರಿ, ಹಾಗಾಗಿ ಒಂದು ಮಾತು. ನಿಯಮ 56ರ ಪ್ರಕಾರ ದಾಸ್ತಾನಿನ ಲೆಕ್ಕ ಇಡಬೇಕು. ಎಷ್ಟು ಇತ್ತು, ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ನಷ್ಟವಾಯಿತು, ಎಷ್ಟು ಉಳಿಯಿತು. ಕಂಪೋಸಿಷನ್‌ನಲ್ಲಿ ಇರುವವರಿಗೆ ಮಾತ್ರ ಇದರಿಂದ ವಿನಾಯಿತಿ. ಆ 20 ಕಿಲೋ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ ತಲೆಯಲ್ಲಿರುವ ಲೆಕ್ಕ ತೋರಿಸಲು ಬರುವುದಿಲ್ಲ. ಲಾಟಿನ Repack ಕಾಗದ ಮುಂದಿಡಬಹುದು. ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಕೂಡ ಈಗ ಇದರಿಂದಲೇ ಹೋಗುತ್ತದೆ.

ಮಿತಿಯನ್ನೂ ಹೇಳಬೇಕು. 409 ಎಂಬುದು ಗಾರ್ಬಲ್ ಆದ ದಿನದ ಪೇಟೆ ದರ ಹಿಡಿದು ಹಂಚಿದ ಅಂಕಿ. ಅವತ್ತು ಪಟೋರಕ್ಕೆ ಹೆಚ್ಚು ದರ ಇದ್ದರೆ ಒಳ್ಳೆಯದು ಸ್ವಲ್ಪ ಕಡಿಮೆಗೆ ಬೀಳುತ್ತಿತ್ತು. ಮಾರ್ಚ್ 31ಕ್ಕೆ ಪೇಟೆ ದರ ಬಿದ್ದ ದರಕ್ಕಿಂತ ಕೆಳಗೆ ಹೋಗಿದ್ದರೆ ದಾಸ್ತಾನಿಗೆ ಕಡಿಮೆಯದ್ದನ್ನೇ ಹಿಡಿಯಬೇಕು. ಇನ್ನು, 409 ಬಿದ್ದದ್ದನ್ನು 400ಕ್ಕೆ ಕೊಡಲೇಬಾರದು ಎಂದೂ ಇಲ್ಲ. ಪೇಟೆ ಇನ್ನೂ ಇಳಿಯುತ್ತದೆ ಎಂದು ಕಂಡರೆ ಅಪ್ಪ ಕೊಡುತ್ತಾರೆ. ಆದರೆ ಕಿಲೋಗೆ 9 ರೂಪಾಯಿ ಹೋಗುತ್ತಿದೆ ಎಂದು ಗೊತ್ತಿದ್ದು ಕೊಡುತ್ತಾರೆ. ಅವತ್ತು ಗುಮಾಸ್ತರಿಗೆ ಗೊತ್ತಿರಲಿಲ್ಲ.

ಮೂರು ತಿಂಗಳು ಮುಗಿದು ಬಹಳ ದಿನವಾಯಿತು. ಪುಸ್ತಕ ನಿಂತಿಲ್ಲ. ನಾನು ನಿಲ್ಲಿಸಿ ಎಂದು ಹೇಳಿಯೂ ಇಲ್ಲ. ಆದರೆ ಅದರಲ್ಲಿ ಬರೆಯುವುದು ಬದಲಾಗಿದೆ. ಮೊದಲು ಖರೀದಿ ದರ ಮಾತ್ರ ಇರುತ್ತಿತ್ತು. ಈಗ ಪ್ರತಿ ಲಾಟಿನ ಪಕ್ಕ ಅಪ್ಪ ಪೆನ್ಸಿಲಿನಲ್ಲಿ ಇನ್ನೊಂದು ಅಂಕಿ ಬರೆಯುತ್ತಾರೆ, ಪರದೆ ನೋಡಿ. ಬಿದ್ದ ದರ.

ಈ ವರ್ಷ ಸ್ವಲ್ಪ ಚಾಲಿಯನ್ನು ಹಳೆಯದು ಮಾಡಲು ಇಟ್ಟಿದ್ದೇವೆ. ಒಂದು ಮಳೆಗಾಲ ಗೋದಾಮಿನಲ್ಲಿ ಕೂತ ಅಡಿಕೆಯ ತೂಕ ಬದಲಾಗುತ್ತದೆ, ಅಷ್ಟು ದಿನದ ಬ್ಯಾಂಕ್ ಬಡ್ಡಿ ಬೇರೆ. ಅದು ಎಷ್ಟಕ್ಕೆ ಬಿತ್ತು ಎಂದು ಹೇಗೆ ಹಿಡಿಯಬೇಕು ಎಂಬುದರಲ್ಲಿ ನಾನೂ ಅಪ್ಪನೂ ಇನ್ನೂ ಒಪ್ಪಿಲ್ಲ. ಬಡ್ಡಿಯನ್ನು ಮಾಲಿಗೆ ಸೇರಿಸಬಾರದು, ಖರ್ಚಿಗೆ ಬರೆಯಬೇಕು ಎಂದು ನಾನು. ಸೇರಿಸದಿದ್ದರೆ ಕಾಯ್ದು ಮಾರಿದ್ದು ಲಾಭವೋ ನಷ್ಟವೋ ಹೇಗೆ ಗೊತ್ತಾಗುವುದು ಎಂದು ಅಪ್ಪ. ಗೋಣಿಗಳನ್ನು ತೂಗಿ, ಚೀಟಿ ಕಟ್ಟಿ ಬೇರೆ ಇಟ್ಟಿದ್ದೇವೆ. ಮಳೆ ಕಳೆದ ಮೇಲೆ ಇನ್ನೊಮ್ಮೆ ತೂಗಬೇಕು.